ಉಸಿರಿಗೊಂದು ಸಾಲು: ಬಾನುಲಿಯಲ್ಲಿ ಓದುವ ಉತ್ತರವನ್ನು ಬರೆಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಮಲೆನಾಡಿನ ಒಂದು ಸಮುದಾಯ ಬಾನುಲಿ ಕೇಂದ್ರದಲ್ಲಿ ಉದ್ಘೋಷಕಿ. ಕೇಳುಗರ ಪ್ರಶ್ನೆಗಳಿಗೆ ಕೃಷಿ ತಜ್ಞರಿಂದ, ವೈದ್ಯರಿಂದ ಬರಹದಲ್ಲಿ ಉತ್ತರ ತರಿಸಿ ಓದುತ್ತೇನೆ. ವಿಷಯ ಸರಿಯಾಗಿಯೇ ಇರುತ್ತದೆ, ಆದರೆ ಓದುವಾಗ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಉಸಿರು ಕಟ್ಟುತ್ತದೆ. ಸರಳವಾಗಿ ಬರೆದುಕೊಡಿ ಎಂದು ಎಷ್ಟು ಕೇಳಿದರೂ ಪ್ರಯೋಜನವಾಗಿಲ್ಲ. ಗಟ್ಟಿಯಾಗಿ ಓದಲು ಒಗ್ಗುವಂತೆ, ವಿರಾಮ ಚಿಹ್ನೆಗಳ ಸಮೇತ ಬರೆಯಿರಿ ಎಂದು ಅವರನ್ನು ಹೇಗೆ ಕೇಳಬೇಕು?

ಉತ್ತರ: "ಸರಳವಾಗಿ" ಎಂಬ ಮಾತನ್ನು ನಿಮ್ಮ ಪತ್ರದಿಂದ ಮೊದಲು ತೆಗೆದುಹಾಕಿ. ಆ ಮಾತು ಕೇಳಿದ ತಜ್ಞರು ಕಷ್ಟದ ಪದಗಳನ್ನು ಬದಲಿಸುತ್ತಾರೆ. "ಶಿಲೀಂಧ್ರ" ಇದ್ದಲ್ಲಿ "ಬೂಷ್ಟು" ಎಂದು ಬರೆದು, ವಾಕ್ಯವನ್ನು ಮಾತ್ರ ಹಿಂದೆ ಇದ್ದಷ್ಟೇ ಉದ್ದಕ್ಕೆ ಬಿಡುತ್ತಾರೆ. ಉಸಿರು ಕಟ್ಟುವುದು ಪದದಿಂದಲ್ಲ, ವಾಕ್ಯದ ಕಟ್ಟಡದಿಂದ. ಕಠಿಣ ಪದವಿರುವ ಚಿಕ್ಕ ವಾಕ್ಯವನ್ನು ಯಾವ ಉದ್ಘೋಷಕರಾದರೂ ಓದಿಬಿಡಬಹುದು. ಸುಲಭ ಪದಗಳೇ ತುಂಬಿದ ನಲವತ್ತು ಪದಗಳ ವಾಕ್ಯವನ್ನು ಒಂದೇ ಏರಿಳಿತದಲ್ಲಿ ದಡ ಸೇರಿಸುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದ ನೀವು ಕೇಳಬೇಕಾದದ್ದು ಸರಳತೆಯನ್ನಲ್ಲ, ಕೆಲವೇ ಕೆಲವು ನಿರ್ದಿಷ್ಟ ಸಂಗತಿಗಳನ್ನು. ಅವು ಯಾವುವೆಂದು ತಿಳಿಯಲು ಕನ್ನಡ ವಾಕ್ಯ ಕಿವಿಗೆ ಹೇಗೆ ತಲಪುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಮಾಡಬೇಕೋ, ಮಾಡಬಾರದೋ ಎಂಬುದು ಕೇಳುಗನಿಗೆ ತಿಳಿಯುವುದೇ ಕಟ್ಟಕಡೆಯ ಪದದಲ್ಲಿ. ಪುಟದ ಮೇಲೆ ಕಣ್ಣು ಒಮ್ಮೆ ಕೊನೆಗೆ ಹಾರಿ ಹಿಂದಿರುಗಬಲ್ಲದು. ಕಿವಿಗೆ ಆ ಸೌಕರ್ಯವಿಲ್ಲ. ಓದುವವರ ಪಾಡೂ ಅಷ್ಟೇ. ಕೊನೆಯ ಪದ ಕಣ್ಣಿಗೆ ಬೀಳುವ ತನಕ ದನಿಯನ್ನು ಎತ್ತಿ ಹಿಡಿಯಬೇಕೋ ಇಳಿಸಬೇಕೋ ಎಂದು ಅವರಿಗೂ ಗೊತ್ತಿರುವುದಿಲ್ಲ.

ನನ್ನ ಉದ್ಯೋಗದ ಮೊದಲ ವರ್ಷಗಳಲ್ಲಿ ಆದ ಒಂದು ಅಚಾತುರ್ಯವನ್ನು ಹೇಳುತ್ತೇನೆ. ಜೇನು ಸಾಕಣೆಯ ಬಗ್ಗೆ ಬಂದ ಉತ್ತರವೊಂದನ್ನು ಓದುತ್ತಿದ್ದೆ. ಪುಟದ ಕೊನೆಯ ಸಾಲು "ಬೆಳೆ ಹೂ ಬಿಟ್ಟಿರುವಾಗ ಹಗಲು ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸುವುದು" ಎಂದು ಮುಗಿದಿತ್ತು. "ಸರಿಯಲ್ಲ" ಎಂಬ ಪದ ಮುಂದಿನ ಪುಟದಲ್ಲಿತ್ತು. ಪುಟ ತಿರುವಲು ನಿಂತೆ. ನಿಂತಾಗ ದನಿ ತಾನಾಗಿ ಇಳಿಯಿತು. ಸರ್ಕಾರಿ ಕನ್ನಡದ ಸುತ್ತೋಲೆಗಳಲ್ಲಿ "ಸಿಂಪಡಿಸುವುದು" ಎಂದರೆ "ಸಿಂಪಡಿಸತಕ್ಕದ್ದು" ಎಂದೇ ಅರ್ಥ. ಹೀಗಾಗಿ ನಾನು ಹಗಲಿನಲ್ಲಿ ಕೀಟನಾಶಕ ಹೊಡೆಯಿರಿ ಎಂದು ಊರಿಗೆಲ್ಲ ಸಾರಿದಂತಾಯಿತು. ಆಮೇಲೆ ಬಂದ "ಸರಿಯಲ್ಲ" ಎಂಬ ಪದ ಮುಂದಿನ ವಾಕ್ಯಕ್ಕೆ ಅಂಟಿಕೊಂಡು ಅದನ್ನೂ ಕೆಡಿಸಿತು. ಬರೆದವರ ಕನ್ನಡದಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಅಕ್ಷರ ತಪ್ಪಿ ಓದಿರಲಿಲ್ಲ. ಆದರೂ ಕೇಳಿದವರಿಗೆ ಮುಟ್ಟಿದ್ದು ತಿರುವುಮುರುವಾದ ಸಲಹೆ.

ಅಂದಿನಿಂದ ಬರಹಗಾರರಲ್ಲಿ ನಾನು ಕೇಳುತ್ತಾ ಬಂದ ಮೊದಲ ಸಂಗತಿ ಇದು: ಸಲಹೆ ಕೊಡುವ ವಾಕ್ಯವನ್ನು "-ವುದು" ಎಂದು ಮುಗಿಸಬಾರದು, ಮತ್ತು ನಿಷೇಧವಿದ್ದರೆ ಅದರ ಸುಳಿವು ವಾಕ್ಯದ ಮೊದಲಲ್ಲೇ ಸಿಗಬೇಕು. "ಒಂದು ಎಚ್ಚರಿಕೆ. ಹೂ ಬಿಟ್ಟಿರುವಾಗ, ಹಗಲಿನಲ್ಲಿ ಕೀಟನಾಶಕವನ್ನು ಸಿಂಪಡಿಸಲೇಬಾರದು" ಎಂದು ಬರೆದರೆ, ಕೇಳುಗನ ಕಿವಿ "ಎಚ್ಚರಿಕೆ" ಎಂಬಲ್ಲಿಯೇ ನಿಮಿರುತ್ತದೆ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದದ್ದು. ನೋಡಲು ಸಣ್ಣದಾದರೂ ನಿಮ್ಮ ತೊಂದರೆಯ ಬಹುಪಾಲಿಗೆ ಮೂಲ ಇದೇ ಇರಬಹುದೆಂದು ನನಗನ್ನಿಸುತ್ತದೆ. "ಕರಗಿಸಿ" ಎಂಬ ಪದವನ್ನೇ ತೆಗೆದುಕೊಳ್ಳಿ. "ಕರಗಿಸಿ ಸೋಸಬೇಕು" ಎಂಬಲ್ಲಿ ಅದು ಮುಂದಿನ ಕ್ರಿಯೆಗಾಗಿ ಕಾಯುತ್ತಿರುವ ಅಪೂರ್ಣ ಕ್ರಿಯಾಪದ. "ನೀವು ಅದನ್ನು ಕರಗಿಸಿ" ಎಂಬಲ್ಲಿ ಅದೇ ಪದ ಮುಗಿದ ಆಜ್ಞೆ. "ಬೆರೆಸಿ", "ಸೋಸಿ", "ಕಲಸಿ", "ಕುದಿಸಿ", "ಕತ್ತರಿಸಿ" ಎಲ್ಲವೂ ಹೀಗೆಯೇ. ಕೃಷಿ, ಅಡುಗೆ, ಔಷಧಿ ಈ ಮೂರರ ಸಲಹೆಗಳಲ್ಲೂ ಇಂಥ ಪದಗಳೇ ತುಂಬಿರುತ್ತವೆ. ಎರಡು ಅರ್ಥಗಳಿಗೂ ಅಕ್ಷರ ಒಂದೇ, ಭೇದವಿರುವುದು ದನಿಯಲ್ಲಿ ಮಾತ್ರ. ಅಪೂರ್ಣವಾದರೆ ದನಿಯನ್ನು ಸ್ವಲ್ಪ ಮೇಲಕ್ಕೆ ಹಿಡಿದು ನಿಲ್ಲಿಸಬೇಕು, ಆಜ್ಞೆಯಾದರೆ ಇಳಿಸಿ ಮುಗಿಸಬೇಕು. ಯಾವುದೆಂದು ಓದುವವರಿಗೆ ಹೇಳಬಲ್ಲ ಗುರುತು ಪುಟದ ಮೇಲೆ ಒಂದೇ: ಅಲ್ಪವಿರಾಮವಿದೆಯೋ, ಪೂರ್ಣವಿರಾಮವಿದೆಯೋ ಎಂಬುದು. ತಜ್ಞರು "ತುತ್ತ ಕರಗಿಸಿ ಸುಣ್ಣ ಕಲಸಿ ಸೋಸಿ ಬೆರೆಸಿ" ಎಂದು ಚಿಹ್ನೆಯೇ ಇಲ್ಲದೆ ಬರೆದು ಕಳಿಸಿದರೆ, ಅಲ್ಲಿ ನಾಲ್ಕು ಆಜ್ಞೆಗಳಿವೆಯೋ, ಒಂದು ಆಜ್ಞೆ ಮತ್ತು ಮೂರು ಪೂರ್ವಕ್ರಿಯೆಗಳಿವೆಯೋ ಎಂದು ನಿಮಗೆ ತಿಳಿಯುವ ದಾರಿಯೇ ಇಲ್ಲ. ನೀವು ತಡವರಿಸುವುದು ಸಹಜ.

ಇದಕ್ಕೆ ಎರಡು ಪರಿಹಾರಗಳಿವೆ. ಆಜ್ಞೆಯಿರುವ ಕಡೆ "ಕರಗಿಸಿರಿ", "ಬೆರೆಸಿರಿ" ಎಂದು ಪೂರ್ತಿ ರೂಪವನ್ನೇ ಬರೆಯಿರಿ ಎಂದು ಕೇಳಬಹುದು. ಅದು ತುಸು ಹಳೆಯ ಶೈಲಿ ಎನಿಸಿದರೆ "ಕರಗಿಸಬೇಕು", "ಬೆರೆಸಬೇಕು" ಎಂದಾದರೂ ಆದೀತು. ನನ್ನ ಒಲವು "-ಬೇಕು" ಕಡೆಗೆ. ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ, ದನಿಯೂ ಸಲೀಸಾಗಿ ಇಳಿಯುತ್ತದೆ. ಆದರೆ ಹತ್ತು ವಾಕ್ಯಗಳು ಸಾಲಾಗಿ "ಬೇಕು, ಬೇಕು" ಎಂದು ಮುಗಿದರೆ ಕೇಳುವವರಿಗೆ ಶಾಲೆಯ ಮೇಷ್ಟ್ರು ನೆನಪಾಗುತ್ತಾರೆ; ಆದ್ದರಿಂದ ನಡುನಡುವೆ "-ಇರಿ" ಬರಲಿ.

ಇನ್ನು ವಿರಾಮದ ಸ್ಥಳಗಳು. ಓಲೆಗರಿಯ ಕಾಲದ ಕನ್ನಡದಲ್ಲಿ ಅಲ್ಪವಿರಾಮ ಎಂಬುದೇ ಇರಲಿಲ್ಲ. ಛಂದಸ್ಸು ಮತ್ತು ವಿಭಕ್ತಿ ಪ್ರತ್ಯಯಗಳು ವಾಚಕನಿಗೆ ನಿಲ್ಲುವ ಜಾಗ ತೋರಿಸುತ್ತಿದ್ದವು. ಅಲ್ಪವಿರಾಮ ನಮಗೆ ಅಚ್ಚಿನ ಜೊತೆಗೆ ಬಂತು, ಕಣ್ಣಿನ ಅನುಕೂಲಕ್ಕಾಗಿ ಬಂತು. ಪ್ರತ್ಯಯಗಳು ಇಂದಿಗೂ ತಮ್ಮ ಕೆಲಸ ಮಾಡುತ್ತಲೇ ಇವೆ. ವಾಕ್ಯವೊಂದನ್ನು ಗಟ್ಟಿಯಾಗಿ ಓದಿ ನೋಡಿ: "ಆದರೆ", "ಬಂದಾಗ", "ಮುಗಿದ ಮೇಲೆ" ಎಂಬ ಷರತ್ತು ಅಥವಾ ಕಾಲ ಸೂಚಿಸುವ ಭಾಗ ಮುಗಿದಲ್ಲಿ ದನಿ ತಾನೇ ನಿಲ್ಲಲು ಬಯಸುತ್ತದೆ. "ಕರಗಿಸಿ", "ತಂದು", "ಹಾಕಿ" ಎಂಬ ಪೂರ್ವಕ್ರಿಯೆಗಳ ನಂತರವೂ, "ಎಂದು" ಎಂಬುದರ ನಂತರವೂ ಹಾಗೆಯೇ. ಅಲ್ಪವಿರಾಮ ಬೇಕಾದದ್ದು ಈ ಜಾಗಗಳಲ್ಲಿ.

ನಿಲ್ಲಬಾರದ ಜಾಗಗಳೂ ಇವೆ, ಅವು ಹೆಚ್ಚು ಮುಖ್ಯ. "ರೋಗ ಬಂದ ಮರ" ಎಂಬಲ್ಲಿ "ಬಂದ" ಮತ್ತು "ಮರ" ಇವುಗಳ ನಡುವೆ ಉಸಿರು ತೆಗೆದುಕೊಂಡರೆ "ಬಂದ" ಎಂಬುದು ಯಾರೋ ಬಂದನೆಂಬಂತೆ ಕೇಳಿಸುತ್ತದೆ. ಸಂಖ್ಯೆಯನ್ನೂ ಅದರ ಅಳತೆಯನ್ನೂ ಎಂದಿಗೂ ಬೇರ್ಪಡಿಸಬಾರದು. ಮುಖ್ಯ ಕ್ರಿಯೆ ಮತ್ತು ಸಹಾಯಕ ಕ್ರಿಯೆಗಳನ್ನೂ ಬೇರ್ಪಡಿಸಬಾರದು: "ಒಣಗಿದ ಗೊನೆಯನ್ನು ಕತ್ತರಿಸಿಬಿಡಿ" ಎಂದರೆ ಕತ್ತರಿಸುವ ಕೆಲಸ ಮುಗಿಸಿ ಎಂದಾಯಿತು, "ಕತ್ತರಿಸಿ, ಬಿಡಿ" ಎಂದು ನಿಲ್ಲಿಸಿ ಓದಿದರೆ ಕತ್ತರಿಸಿದ್ದನ್ನು ಅಲ್ಲೇ ಬಿಡಿ ಎಂದಾಯಿತು. ಕೊಳೆರೋಗ ತಗುಲಿದ ಅಡಿಕೆ ಗೊನೆಯನ್ನು ತೋಟದಲ್ಲೇ ಬಿಡುವುದೆಂದರೆ ರೋಗವನ್ನು ಬಿತ್ತಿದಂತೆ. ಇಂಥ ಜೋಡಿಗಳನ್ನು ಕೂಡಿಸಿಯೇ ಬರೆಯಿರಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಚಿಹ್ನೆಗಳ ವಿಷಯದಲ್ಲಿ ಉದ್ಘೋಷಕರಿಗೆ ಬೇಕಾದದ್ದು ಮೂರೇ: ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಾರ್ಥಕ. ಆವರಣ, ಓರೆಗೆರೆ, ಅಧಿಕ ಚಿಹ್ನೆ, ಅರ್ಧವಿರಾಮ ಇವು ಯಾವುವೂ ಕಿವಿಗೆ ಕೇಳಿಸುವುದಿಲ್ಲ. ಆವರಣದೊಳಗೆ ಬರೆದದ್ದು ಮುಖ್ಯವಾದರೆ ಅದಕ್ಕೆ ತನ್ನದೇ ವಾಕ್ಯ ಬೇಕು, ಮುಖ್ಯವಲ್ಲದಿದ್ದರೆ ಅದು ಬೇಡ. ಉದ್ಧರಣ ಚಿಹ್ನೆಯ ಬಗ್ಗೆ ಚಿಂತಿಸಬೇಡಿ. ಕನ್ನಡದಲ್ಲಿ ಆ ಕೆಲಸವನ್ನು "ಎಂದು" ಎಂಬ ಪದ ಮಾಡುತ್ತದೆ, ಅದೂ ಕೇಳಿಸುವಂತೆ ಮಾಡುತ್ತದೆ. ಅತಿ ಹೆಚ್ಚು ಕಾಟ ಕೊಡುವುದು ಸಂಕ್ಷೇಪದ ಚುಕ್ಕಿ. "ಕಿ.ಗ್ರಾಂ.", "ಮಿ.ಲೀ.", "ಶೇ." ಎಂದು ಬರೆದಾಗ ಕಣ್ಣು ಆ ಚುಕ್ಕಿಯನ್ನು ಪೂರ್ಣವಿರಾಮವೆಂದು ಭ್ರಮಿಸಿ ದನಿಯನ್ನು ಕೆಳಗಿಳಿಸಿಬಿಡುತ್ತದೆ. ಕಿಲೋ, ಮಿಲಿಲೀಟರ್, ಶೇಕಡಾ ಎಂದು ಪೂರ್ತಿ ಬರೆಸಿಕೊಳ್ಳಿ.

ಅಂಕಿಗಳನ್ನೂ ಅಕ್ಷರದಲ್ಲಿಯೇ ಬರೆಸಬೇಕು, ಅದಕ್ಕೆ ಕಾರಣವಿದೆ. ಪುಸ್ತಕದಲ್ಲಿ 2.5 ಎಂದಿದ್ದರೆ ಒಬ್ಬರು "ಎರಡು ದಶಮಾಂಶ ಐದು" ಎನ್ನುತ್ತಾರೆ, ಇನ್ನೊಬ್ಬರು "ಎರಡು ಪಾಯಿಂಟ್ ಐದು" ಎನ್ನುತ್ತಾರೆ. ರೈತರಿಗೆ ಸಲ್ಲುವುದು "ಎರಡೂವರೆ". 40–45 ಎಂಬಲ್ಲಿ ನಡುವಿನ ಗೆರೆಯನ್ನು ಏನೆಂದು ಓದಬೇಕು? "ನಲವತ್ತು ನಲವತ್ತೈದು" ಎಂದು ಬೇಗ ಓದಿದರೆ ಕಿವಿಗೆ ಒಂದೇ ಗೊಂದಲ. "ನಲವತ್ತರಿಂದ ನಲವತ್ತೈದು ದಿನ" ಎಂದು ಬರೆದಿದ್ದರೆ ಓದುವವರು ಯೋಚಿಸಬೇಕಾಗಿಲ್ಲ. ನೇರ ಪ್ರಸಾರದಲ್ಲಿ ಯೋಚನೆಗೆ ಕಾಲು ಸೆಕೆಂಡಿನ ಅವಕಾಶವೂ ಇರುವುದಿಲ್ಲ.

ಈಗ ನಿಮ್ಮ ಸೀಮೆಯದೇ ಒಂದು ಉದಾಹರಣೆ ನೋಡೋಣ. ಮಳೆಗಾಲದ ಮುಂಚೆ ನಿಮ್ಮ ಕೇಂದ್ರಕ್ಕೆ ಬರುವ ಪ್ರಶ್ನೆಗಳಲ್ಲಿ ಅಡಿಕೆಯ ಕೊಳೆರೋಗದ್ದು ಇದ್ದೇ ಇರುತ್ತದೆ. ಅದಕ್ಕೆ ತಜ್ಞರು ಕಳುಹಿಸುವ ಉತ್ತರ ಬಹುಮಟ್ಟಿಗೆ ಹೀಗಿರುತ್ತದೆ:

"ಅಡಿಕೆಯ ಕೊಳೆರೋಗ (ಮಹಾಳಿ) ನಿಯಂತ್ರಣಕ್ಕಾಗಿ ಮುಂಗಾರು ಪ್ರಾರಂಭಕ್ಕೆ ಮುನ್ನ ಹಾಗೂ ತದನಂತರ 40–45 ದಿನಗಳ ಅಂತರದಲ್ಲಿ ಶೇ. 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ 1 ಕಿ.ಗ್ರಾಂ. + ಸುಣ್ಣ 1 ಕಿ.ಗ್ರಾಂ. / 100 ಲೀ. ನೀರು), ಪ್ರತ್ಯೇಕವಾಗಿ ಕರಗಿಸಿದ ತುತ್ತದ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ಬೆರೆಸಿ ತಯಾರಿಸಿ ಗೊನೆಗಳು ಸಂಪೂರ್ಣ ತೊಯ್ಯುವಂತೆ ಸಿಂಪಡಿಸುವುದು."

ಕೃಷಿ ಕೈಪಿಡಿಗೆ ಈ ವಾಕ್ಯ ಸಾಕು. ಆದರೆ ಇದನ್ನು ಓದಲು ಹೊರಟಾಗ ಉಸಿರು ತೆಗೆಯಲು ಮೊದಲ ನೆಲೆ ಸಿಗುವುದು ಎರಡನೆಯ ಆವರಣದ ಹತ್ತಿರ. ಅದು ತಪ್ಪು ಜಾಗ, ಏಕೆಂದರೆ "ದ್ರಾವಣವನ್ನು" ಎಂಬ ಕರ್ಮಪದ ತನ್ನ ಕ್ರಿಯಾಪದಕ್ಕಾಗಿ ಇನ್ನೂ ಕಾಯುತ್ತಿದೆ. ಅಷ್ಟರಲ್ಲಿ ಎರಡನೆಯ "ದ್ರಾವಣವನ್ನು" ಬರುತ್ತದೆ, ಹಿಂದೆಯೇ "ದ್ರಾವಣಕ್ಕೆ" ಬರುತ್ತದೆ. ಇಲ್ಲಿ ಕೇಳುಗನಿಗೆ ನಿಜವಾಗಿ ಬೇಕಾದ ಮಾಹಿತಿ ಯಾವುದನ್ನು ಯಾವುದಕ್ಕೆ ಹುಯ್ಯಬೇಕು ಎಂಬುದು. ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ತಿರುಗಾಮುರುಗಾ ಮಾಡಬಾರದು. ಮಾಡಿದರೆ ದ್ರಾವಣ ಕೆಡುತ್ತದೆ. ಈ ಇಡೀ ಎಚ್ಚರಿಕೆ "-ಅನ್ನು" ಮತ್ತು "-ಕ್ಕೆ" ಎಂಬ ಎರಡು ಪುಟ್ಟ ಪ್ರತ್ಯಯಗಳ ಮೇಲೆ ನಿಂತಿದೆ, ಅವೂ ಒಂದೇ ಪದದ ಬಾಲಕ್ಕೆ ಅಂಟಿಕೊಂಡಿವೆ. ಕಳಪೆ ಸ್ಪೀಕರಿನ ಮೊಬೈಲಿನಲ್ಲಿ, ಅಡಿಕೆ ಸುಲಿಯುತ್ತಾ ಕೇಳುವವರಿಗೆ ಅದು ದಕ್ಕುವ ಭರವಸೆ ಇಲ್ಲ.

ಇದನ್ನೇ ಓದುವುದಕ್ಕೆಂದು ಬರೆದರೆ ಹೀಗಾಗುತ್ತದೆ. ಒಂದು ಸಾಲು ಎಂದರೆ ಒಂದು ಉಸಿರು. ಖಾಲಿ ಸಾಲು ಎಂದರೆ ದೀರ್ಘ ನಿಲುಗಡೆ.

ಅಡಿಕೆಯ ಕೊಳೆರೋಗಕ್ಕೆ, ಮೊದಲ ಸಿಂಪರಣೆ ಮಳೆಗಾಲ ಹಿಡಿಯುವ ಮುಂಚೆಯೇ ಆಗಬೇಕು.
ಎರಡನೆಯದು, ಅದಾಗಿ ನಲವತ್ತರಿಂದ ನಲವತ್ತೈದು ದಿನಕ್ಕೆ.
ಸಿಂಪಡಿಸಬೇಕಾದದ್ದು, ಶೇಕಡಾ ಒಂದರ ಬೋರ್ಡೋ ದ್ರಾವಣ.

ನೂರು ಲೀಟರ್ ದ್ರಾವಣಕ್ಕೆ, ಒಂದು ಕಿಲೋ ಮೈಲುತುತ್ತ ಬೇಕು.
ಸುಣ್ಣವೂ ಅಷ್ಟೇ, ಒಂದು ಕಿಲೋ.
ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಐವತ್ತು ಲೀಟರ್ ನೀರಿಗೆ ಮೈಲುತುತ್ತ ಹಾಕಿ, ಕರಗಿಸಿರಿ.
ಕಬ್ಬಿಣದ ಪಾತ್ರೆ ಬೇಡ.
ಇನ್ನೊಂದು ಡ್ರಮ್ಮಿನಲ್ಲಿ, ಉಳಿದ ಐವತ್ತು ಲೀಟರ್ ನೀರಿಗೆ ಸುಣ್ಣ ಹಾಕಿರಿ.
ಅದನ್ನು ಕದಡಿ, ಸೋಸಿಕೊಳ್ಳಬೇಕು.

ಈಗ ನಿಮ್ಮ ಮುಂದೆ ಎರಡು ಡ್ರಮ್ಮುಗಳಿವೆ.
ತುತ್ತದ್ದು ನೀಲಿ. ಸುಣ್ಣದ್ದು ಬಿಳಿ.
ನೀಲಿಯನ್ನು, ಬಿಳಿಗೆ ಹುಯ್ಯಬೇಕು.
ನಿಧಾನವಾಗಿ ಹುಯ್ಯುತ್ತಾ, ಕೋಲಿನಿಂದ ಕಲಕುತ್ತಿರಬೇಕು.
ಮತ್ತೊಮ್ಮೆ ಹೇಳುತ್ತೇನೆ. ನೀಲಿಯನ್ನು, ಬಿಳಿಗೆ.

ದ್ರಾವಣ ಹದವಾಗಿದೆಯೇ ಎಂದು ನೋಡಲು, ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಒಂದು ನಿಮಿಷ ಅದ್ದಿರಿ.
ಚಾಕುವಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ, ಸುಣ್ಣ ಸಾಲದು ಎಂದು ಅರ್ಥ.
ಆಗ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು.
ಕಲಸಿದ ದ್ರಾವಣವನ್ನು, ಅದೇ ದಿನ ಬಳಸಿ ಮುಗಿಸಬೇಕು.

ಉತ್ತರ ಮೂಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉದ್ದವಾಯಿತು ಎಂಬುದನ್ನು ನೀವು ಗಮನಿಸಿರಬಹುದು. ಚಾಕುವಿನ ಪರೀಕ್ಷೆ, ಪಾತ್ರೆಯ ವಿಷಯ, ಅದೇ ದಿನ ಬಳಸುವ ಮಾತು ಮೂಲದಲ್ಲಿ ಇರಲಿಲ್ಲ. ತಜ್ಞರನ್ನು ಕೇಳಿ ಸೇರಿಸಬೇಕಾದವು ಅವು. ಕಿವಿಗೆ ಬರೆಯುವಾಗ ಹೀಗೆ ಉದ್ದವಾಗುವುದು ಅನಿವಾರ್ಯ. ಆದ್ದರಿಂದ ಎರಡು ನಿಮಿಷದಲ್ಲಿ ನಾಲ್ಕು ರೋಗಗಳಿಗೆ ಉತ್ತರ ಕೊಡಿ ಎಂದು ತಜ್ಞರನ್ನು ಕೇಳಬಾರದು. ಒಂದು ರೋಗ, ಒಂದು ಉಪಚಾರ ಸಾಕು. ಕನ್ನಡದ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗಿರುವುದರಿಂದ ನಿಮಿಷಕ್ಕೆ ಓದುವ ಪದಗಳ ಸಂಖ್ಯೆ ಇಂಗ್ಲಿಷಿಗಿಂತ ಕಡಿಮೆ. ಇಂಥ ಸಲಹೆಗಳನ್ನು ಓದುವಾಗ ನನ್ನದು ನಿಮಿಷಕ್ಕೆ 100 ಪದಗಳ ಆಸುಪಾಸಿನಲ್ಲಿ ಇರುತ್ತಿತ್ತು. ನಿಮ್ಮದನ್ನು ಗಡಿಯಾರ ಇಟ್ಟುಕೊಂಡು ಒಮ್ಮೆ ಅಳೆದು, ಆ ಲೆಕ್ಕದಲ್ಲಿ ಪದಗಳ ಮಿತಿಯನ್ನು ಪತ್ರದಲ್ಲೇ ತಿಳಿಸಿ. "ಎರಡು ನಿಮಿಷ" ಎಂದರೆ ಬರೆಯುವವರಿಗೆ ಅಂದಾಜು ಸಿಗುವುದಿಲ್ಲ. "ಇನ್ನೂರು ಪದ" ಎಂದರೆ ಸಿಗುತ್ತದೆ.

"ನೀಲಿಯನ್ನು, ಬಿಳಿಗೆ" ಎಂಬಲ್ಲಿರುವ ಅಲ್ಪವಿರಾಮ ಶಾಲೆಯ ವ್ಯಾಕರಣದ ಪ್ರಕಾರ ತಪ್ಪು. ಕರ್ಮಪದದ ನಂತರ ಯಾವ ಪತ್ರಿಕೆಯೂ ಅಲ್ಪವಿರಾಮ ಹಾಕುವುದಿಲ್ಲ. ಇಲ್ಲಿ ಅದನ್ನು ಹಾಕಿರುವುದು "-ಅನ್ನು" ಎಂಬ ಪ್ರತ್ಯಯ ನುಂಗಿಹೋಗದೆ ಪೂರ್ತಿ ಕೇಳಿಸಲಿ, "ಬಿಳಿಗೆ" ಎಂಬ ಪದದ ಮೇಲೆ ಹೊಸ ಒತ್ತು ಬೀಳಲಿ ಎಂಬ ಉದ್ದೇಶದಿಂದ. ತಜ್ಞರು ಇಂಥದ್ದನ್ನು ಕಂಡು ಹುಬ್ಬೇರಿಸುವುದುಂಟು; ನಮ್ಮ ಉತ್ತರವನ್ನು ಅಚ್ಚು ಹಾಕುವುದಿಲ್ಲ, ಓದುತ್ತೇವೆ ಎಂದು ಹೇಳಿದರೆ ಒಪ್ಪುತ್ತಾರೆ.

ಇಷ್ಟರ ಮೇಲೆ ಪತ್ರ. ಇಲ್ಲಿ ಹೇಳಿದ ಕಾರಣಗಳನ್ನೆಲ್ಲ ಅವರಿಗೆ ವಿವರಿಸುವ ಅಗತ್ಯವಿಲ್ಲ, ಅವರಿಗೆ ಅಷ್ಟು ಬಿಡುವೂ ಇರುವುದಿಲ್ಲ. ಅರ್ಧ ಪುಟದಲ್ಲಿ ಹೀಗೆ ಕೇಳಬಹುದು:

"ಮಾನ್ಯರೇ, ಕೇಳುಗರೊಬ್ಬರ ಪ್ರಶ್ನೆಯನ್ನು ಲಗತ್ತಿಸಿದ್ದೇನೆ. ತಾವು ಬರೆದುಕೊಡುವ ಉತ್ತರವನ್ನು ನಾನು ಬಾನುಲಿಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಕೇಳುವವರ ಕೈಯಲ್ಲಿ ಕಾಗದ ಇರುವುದಿಲ್ಲ. ಆದ್ದರಿಂದ ಉತ್ತರ ಇನ್ನೂರು ಪದಗಳನ್ನು ಮೀರದಿರಲಿ. ಒಂದು ಉಸಿರಿನಲ್ಲಿ ಓದಬಹುದಾದಷ್ಟನ್ನು ಒಂದು ಸಾಲಿನಲ್ಲಿ ಬರೆದು, ಮುಂದಿನದನ್ನು ಹೊಸ ಸಾಲಿನಿಂದ ಆರಂಭಿಸಬೇಕೆಂದು ಕೋರುತ್ತೇನೆ. ಮಾಡಬೇಕಾದ ಕೆಲಸವನ್ನು 'ಸಿಂಪಡಿಸುವುದು' ಎನ್ನುವ ಬದಲು 'ಸಿಂಪಡಿಸಬೇಕು' ಅಥವಾ 'ಸಿಂಪಡಿಸಿರಿ' ಎಂದು, ಮಾಡಬಾರದ್ದನ್ನು 'ಬಾರದು' ಎಂದು ಮುಗಿಸಿ. ಅಳತೆ ಮತ್ತು ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯಿರಿ. ಆವರಣ, ಓರೆಗೆರೆ, ಸಂಕ್ಷೇಪಗಳು ಬೇಡ. ಮಾದರಿಗಾಗಿ ಹಿಂದಿನ ಒಂದು ಉತ್ತರವನ್ನು ಜೊತೆಗಿರಿಸಿದ್ದೇನೆ."

ಇದರಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡುವುದು ಕೊನೆಯ ವಾಕ್ಯ. ಸೂಚನೆಗಳನ್ನು ಮರೆಯುವವರೂ ಕಣ್ಣೆದುರಿನ ಮಾದರಿಯನ್ನು ಅನುಸರಿಸುತ್ತಾರೆ. ಮೇಲಿನ ಬೋರ್ಡೋ ಉತ್ತರದಂಥದ್ದನ್ನು ಒಂದು ಬದಿಯಲ್ಲಿ ಕೈಪಿಡಿಯ ರೂಪದಲ್ಲಿ, ಇನ್ನೊಂದು ಬದಿಯಲ್ಲಿ ಓದುವ ರೂಪದಲ್ಲಿ ಅಚ್ಚು ಮಾಡಿಸಿ ಕಳುಹಿಸಿದರೆ ಇನ್ನೂ ಒಳ್ಳೆಯದು.

ಮೊದಮೊದಲು ಅತಿಯಾಗುವ ಸಂಭವವಿದೆ. ಕೆಲವರು ಪ್ರತಿ ಪದದ ನಂತರವೂ ಅಲ್ಪವಿರಾಮ ಹಾಕುತ್ತಾರೆ. ಆಗ ಅದಕ್ಕೆ ಬೆಲೆಯೇ ಇಲ್ಲದಂತಾಗಿ ನೀವು ಮತ್ತೆ ನಿಮ್ಮ ಊಹೆಯ ಮೇಲೆಯೇ ನಿಲ್ಲಬೇಕಾಗುತ್ತದೆ. ಒಂದು ಸಾಲಿಗೆ ಒಂದು, ಹೆಚ್ಚೆಂದರೆ ಎರಡು ಅಲ್ಪವಿರಾಮಗಳಿಗಿಂತ ಹೆಚ್ಚು ಬೇಕಾಗಿ ಬಂದರೆ ಆ ಸಾಲನ್ನು ಒಡೆಯಬೇಕು ಎಂದು ತಿಳಿಯಿರಿ. ಇನ್ನು ಕೆಲವರು ಬಾನುಲಿ ಎಂದ ಕೂಡಲೇ "ನೋಡಿ ರೈತ ಬಾಂಧವರೇ, ಏನಪ್ಪಾ ಅಂದ್ರೆ" ಎಂದು ಮಾತಿನ ಧಾಟಿಗೆ ಇಳಿಯುತ್ತಾರೆ. ಬರೆದ ಆಡುಮಾತನ್ನು ಓದುವುದು ಗ್ರಾಂಥಿಕವನ್ನು ಓದುವುದಕ್ಕಿಂತ ಕಷ್ಟ, ಏಕೆಂದರೆ ಅದು ಬರೆದವರ ಸೀಮೆಯದು, ನಿಮ್ಮ ನಾಲಗೆಯದಲ್ಲ. ಧಾರವಾಡದವರು ಬರೆದ ಆಡುಮಾತನ್ನು ತೀರ್ಥಹಳ್ಳಿಯವರು ಓದಿದರೆ ನಾಟಕದಂತೆ ಕೇಳಿಸುತ್ತದೆ. ಅವರು ಶಿಷ್ಟ ಕನ್ನಡದಲ್ಲೇ ಬರೆಯಲಿ, ಅದಕ್ಕೆ ಮಾತಿನ ಮೈ ಕೊಡುವುದು ನಿಮ್ಮ ದನಿ.

ಉತ್ತರ ಬಂದ ಮೇಲೆ ಅದನ್ನು ಹೊಸದಾಗಿ ಟೈಪ್ ಮಾಡಿಸಿಕೊಳ್ಳಿ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು ಮತ್ತು ಏತ್ವಗಳಿಗೆ ತಗುಲಿ, ಸ್ಟುಡಿಯೋದ ಮಂದ ಬೆಳಕಿನಲ್ಲಿ ಕಣ್ಣು ಎಡವುತ್ತದೆ. ಅಕ್ಷರದ ಗಾತ್ರ 16, ಸಾಲಿನ ಅಂತರ ಎರಡರಷ್ಟು ಇಟ್ಟರೆ ನೆಮ್ಮದಿ. ಪದವನ್ನು ಸಾಲಿನ ಕೊನೆಯಲ್ಲಿ ಮುರಿಯಬಾರದು. ವಾಕ್ಯವಂತೂ ಪುಟದಿಂದ ಪುಟಕ್ಕೆ ಹರಿಯಲೇಬಾರದು. ಅದರ ಫಲವನ್ನು ಮೇಲೆ ಹೇಳಿದ್ದೇನೆ. ಹಾಳೆಯ ಒಂದೇ ಮಗ್ಗುಲಿಗೆ ಅಚ್ಚು ಮಾಡಿಸಿ, ಪಿನ್ನು ಹೊಡೆಯದೆ ಬಿಡಿಯಾಗಿ ಇಟ್ಟುಕೊಂಡರೆ ಓದಿದ ಹಾಳೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಜಾರಿಸಬಹುದು.

ನೀವು ವಾಕ್ಯಗಳನ್ನು ಒಡೆದು ಜೋಡಿಸಿದ್ದರೆ, ಪ್ರಸಾರಕ್ಕೆ ಮುಂಚೆ ಆ ಪ್ರತಿಯನ್ನು ತಜ್ಞರಿಗೆ ಮರಳಿ ತೋರಿಸುವುದನ್ನು ಬಿಡಬೇಡಿ. ಉಸಿರಿನ ಅನುಕೂಲಕ್ಕಾಗಿ ನಾವು ಕಿತ್ತುಹಾಕುವ ಒಂದು "ಮಾತ್ರ" ಅಥವಾ "ಹೊರತು" ಕೆಲವೊಮ್ಮೆ ಇಡೀ ಸಲಹೆಯ ಬೆನ್ನೆಲುಬಾಗಿರುತ್ತದೆ, ವೈದ್ಯರ ಉತ್ತರಗಳಲ್ಲಿ ಇದು ಹೆಚ್ಚು.

ಕೊನೆಗೆ, ಪ್ರತಿ ಸರಿಯಾಗಿದೆಯೇ ಎಂದು ತಿಳಿಯುವ ಬಗೆ. ನಿಮ್ಮ ಕೇಂದ್ರದಲ್ಲೇ ಆ ವಿಷಯ ಗೊತ್ತಿಲ್ಲದ ಒಬ್ಬರನ್ನು ಬೆನ್ನು ಮಾಡಿ ಕೂರಿಸಿ, ಅವರಿಗೆ ಒಂದೇ ಸಲ ಓದಿರಿ. ಓದಿ ಮುಗಿಸಿದ ಮೇಲೆ ಮೊದಲು ಏನು ಮಾಡಬೇಕು, ಯಾವುದನ್ನು ಯಾವುದಕ್ಕೆ ಹುಯ್ಯಬೇಕು ಎಂದು ಕೇಳಿ. ಅವರು ತಪ್ಪು ಹೇಳಿದ ಜಾಗವನ್ನು ಹಾಳೆಯಲ್ಲಿ ಗುರುತಿಸಿ, ಅಲ್ಲಿ ನಿಮ್ಮ ಓದಿನಲ್ಲಿ ತಡವರಿಕೆ ಇತ್ತೇ ಎಂದು ನೆನಪಿಸಿಕೊಳ್ಳಿ. ತಡವರಿಕೆ ಇದ್ದರೆ ಚಿಹ್ನೆ ತಪ್ಪಿದೆ. ಸೀಸದ ಕಡ್ಡಿಯಲ್ಲಿ ಸಣ್ಣ ನಿಲುಗಡೆಗೆ ಒಂದು ಓರೆಗೆರೆ, ದೊಡ್ಡದಕ್ಕೆ ಎರಡು ಎಳೆದುಕೊಂಡರೆ ಸರಿಹೋಗುತ್ತದೆ. ನೀವು ಸಲೀಸಾಗಿ ಓದಿಯೂ ಅವರು ತಪ್ಪು ಹೇಳಿದ್ದರೆ ವಾಕ್ಯವೇ ಕಿವಿಗೆ ಒಗ್ಗಿಲ್ಲ. ಓರೆಗೆರೆ ಎಳೆಯುವುದರಿಂದ ಅದು ಸರಿಹೋಗುವುದಿಲ್ಲ, ಆ ಸಾಲನ್ನು ತಜ್ಞರ ಜೊತೆ ಫೋನಿನಲ್ಲಿ ಮಾತನಾಡಿ ಬೇರೆಯಾಗಿಯೇ ಬರೆಸಿಕೊಳ್ಳಬೇಕು.